ಕೂರಿಗೆಯ ಮೇಲಿನ ಹೆಸರು

ಹೊನ್ನಾಳಿಯ ಅಲ್ಲಾಬಕ್ಷ್ ಮಾಡಿದ ಕೂರಿಗೆ ಸುತ್ತಲಿನ ತಾಲ್ಲೂಕುಗಳಲ್ಲೆಲ್ಲ ಓಡಾಡುತ್ತದೆ. ಬೀಜ ಒಂದೇ ಆಳಕ್ಕೆ ಬೀಳುತ್ತದೆ, ಸಾಲು ಡೊಂಕಾಗುವುದಿಲ್ಲ, ನೆಲ ಸೀಳುವ ತಾಳು ಬೇಗ ಸವೆಯುವುದಿಲ್ಲ ಎಂದು ರೈತರು ಹೇಳುತ್ತಾರೆ. ಕಬ್ಬಿಣ ಕಾಯಿಸಿ ಬಡಿಯುವುದು ಅವರ ತಂದೆಯಿಂದ ಬಂದ ಕೆಲಸ. ಟ್ರ್ಯಾಕ್ಟರ್‌ಗೆ ಕಟ್ಟುವ ಕೂರಿಗೆಯನ್ನು ಅವರು ತಾವೇ ನೋಡಿ ಕಲಿತರು. ಮಗಳು ಬುಶ್ರಾ ಬಿ.ಕಾಂ. ಓದಿದವಳು. ಮದುವೆಯಾಗಿ ಅದೇ ಊರಿನಲ್ಲಿದ್ದಾಳೆ. ಬೆಳಿಗ್ಗೆ ಗಂಡ ತನ್ನ ಟೈರ್ ಅಂಗಡಿಗೆ ಹೊರಟರೆ ಅವಳು ಅಪ್ಪನ ವರ್ಕ್‌ಶಾಪಿಗೆ ಬರುತ್ತಾಳೆ. ಆರ್ಡರು, ಬಿಲ್ಲು, ಲಾರಿಯಲ್ಲಿ ಮಾಲು ಕಳಿಸುವುದು ಎಲ್ಲ ಅವಳದೇ.

ವೆಬ್‌ಸೈಟ್ ಮಾಡಿಸಿದವಳೂ ಅವಳೇ. ಹಾವೇರಿ, ಕೊಪ್ಪಳದ ಕಡೆಯವರು ಫೋನ್ ಮಾಡಿ, "ಮೆಕ್ಕೆಜೋಳಕ್ಕೆ ತಾಳಿನ ಅಂತರ ಎಷ್ಟಿಡಬೇಕು, ಹತ್ತಿಗೆ ಎಷ್ಟು?" ಎಂದು ಒಂದೇ ಪ್ರಶ್ನೆಯನ್ನು ದಿನವಿಡೀ ಕೇಳುತ್ತಿದ್ದರು. ಅದನ್ನೆಲ್ಲ ಚಿತ್ರ ಸಮೇತ ಒಂದು ಕಡೆ ಹಾಕಿಬಿಟ್ಟರೆ ಬಾಯಿ ನೋವು ತಪ್ಪುತ್ತದೆ ಎಂದುಕೊಂಡಳು. ನ್ಯಾಮತಿಯ ವಿನೋದ್ ಎಂಬ ಹುಡುಗ ಈ ಕೆಲಸ ಮಾಡಿಕೊಡುತ್ತಾನೆ ಎಂದು ಯಾರೋ ಹೇಳಿದರು. ಅವನು ಬಂದ, ಚಹಾ ಕುಡಿದ, ಅಲ್ಲಾಬಕ್ಷ್ ಅವರನ್ನು ಚಾಚಾ ಎಂದು ಕರೆದ. "ಡೊಮೇನ್ ಹೆಸರು ತಗೊಳ್ಳೋದು, ಸೈಟ್ ಇಡೋ ಹೋಸ್ಟಿಂಗ್ ಜಾಗ ತಗೊಳ್ಳೋದು, ಎಲ್ಲಾ ನನ್ನ ಅಕೌಂಟಲ್ಲೇ ಮಾಡ್ತೀನಿ ಮೇಡಂ. ನಿಮಗೆ ಯಾಕೆ ತಲೆನೋವು?" ಎಂದ. ತಲೆನೋವು ಕಡಿಮೆಯಾದದ್ದಕ್ಕೆ ಅವಳಿಗೂ ಖುಷಿಯಾಯಿತು.

ಕೆಲಸವನ್ನು ಅವನು ಚೆನ್ನಾಗಿಯೇ ಮಾಡಿಕೊಟ್ಟ. ಸೈಟಿನಲ್ಲಿ ಪ್ರತಿ ಬೆಳೆಗೂ ಅಳತೆ ಇತ್ತು. ಸವೆದ ತಾಳು ಬದಲಿಸುವುದು ಹೇಗೆ ಎಂದು ಅಲ್ಲಾಬಕ್ಷ್ ತಾವೇ ತೋರಿಸುವ ವಿಡಿಯೋ ಇತ್ತು. ಹೊಲದಲ್ಲಿ ನಿಂತು ರೈತರು ಕಳಿಸಿದ ಫೋಟೋಗಳಿದ್ದವು. ಆಮೇಲೆ ಬುಶ್ರಾ ಇನ್ನೊಂದು ಕೆಲಸ ಮಾಡಿದಳು. ವರ್ಕ್‌ಶಾಪಿನಿಂದ ಹೊರಬೀಳುವ ಪ್ರತಿ ಕೂರಿಗೆಯ ಅಡ್ಡಪಟ್ಟಿಯ ಮೇಲೂ ಹಳದಿ ಬಣ್ಣದಲ್ಲಿ, ಅಪ್ಪನ ಹೆಸರಿನ ಕೊನೆಗೆ ಡಾಟ್ ಇನ್ ಸೇರಿಸಿ ಮಾಡಿದ್ದ ಸೈಟಿನ ಹೆಸರು ಬರೆಸತೊಡಗಿದಳು. ಒಬ್ಬನ ಹೊಲದಲ್ಲಿ ಕೂರಿಗೆ ನೋಡಿದ ಪಕ್ಕದ ಹೊಲದವನು ಆ ಹೆಸರನ್ನು ಮೊಬೈಲಿನಲ್ಲಿ ಬರೆದು ಆರ್ಡರ್ ಕಳಿಸುತ್ತಿದ್ದ.

ಕೆಲವು ವರ್ಷ ಹೀಗೇ ನಡೆಯಿತು. ಒಂದು ಬೇಸಿಗೆ ಶುರುವಾಗುವಾಗ ವಿನೋದನಿಂದ ಮೆಸೇಜು ಬಂತು. ಇನ್ನು ಮೇಲೆ ಬೇರೆಯವರ ಸೈಟಿನ ಕೆಲಸ ಮಾಡುವುದಿಲ್ಲ, ಸ್ವಂತದ್ದೊಂದು ಶುರುಮಾಡುತ್ತಿದ್ದೇನೆ, ಇಷ್ಟು ದಿನ ಸಹಕರಿಸಿದ್ದಕ್ಕೆ ಧನ್ಯವಾದ ಎಂದಿತ್ತು. ಬುಶ್ರಾ ಪಾಸ್‌ವರ್ಡ್ ಕೇಳಿದಳು. ಅವನು ಕಳಿಸಿದ. ಅವಳು ಸೈಟಿನೊಳಗೆ ಹೋಗಿ ಪಾಸ್‌ವರ್ಡ್ ಬದಲಿಸಿದಳು, ಬಳಕೆದಾರರ ಪಟ್ಟಿಯಿಂದ ವಿನೋದನ ಹೆಸರನ್ನು ಅಳಿಸಿದಳು. ಬಾಗಿಲಿಗೆ ಬೀಗ ಹಾಕಿದಂತಾಯಿತು ಎಂದುಕೊಂಡಳು.

ರೋಹಿಣಿ ಮಳೆಗೆ ಮುಂಚೆ, ಕೂರಿಗೆ ಕೇಳುವವರು ಹೆಚ್ಚುವ ಹೊತ್ತಿಗೆ, ಗೋವಿನಕೋವಿಯ ಜುಂಜಪ್ಪ ಎಂಬ ಹಳೆಯ ಗಿರಾಕಿ ಫೋನ್ ಮಾಡಿದ.

"ಅಲ್ಲಮ್ಮ, ನಿಮ್ಮ ಹೆಸರು ಒತ್ತಿದ್ರೆ ಬ್ಯಾರೆ ಯಾರದೋ ಅಂಗಡಿ ಬರ್ತೈತಲ್ಲ? ನೀವು ಮಾರಿಬಿಟ್ಟಿರೇನು?"

ಬುಶ್ರಾ ತನ್ನ ಮೊಬೈಲಿನಲ್ಲಿ ನೋಡಿದಳು. ಸೈಟಿನ ಹೆಸರು ಬರೆದು ಒತ್ತಿದ ಕೂಡಲೇ ಪರದೆ ಒಮ್ಮೆ ಮಿನುಗಿ ಇನ್ನೊಂದು ಪುಟಕ್ಕೆ ಹಾರಿತು. ರೈತರ ಸಲಕರಣೆಗೆಲ್ಲ ಒಂದೇ ಜಾಗ ಎಂದು ದಪ್ಪಕ್ಷರದಲ್ಲಿತ್ತು. ಮೊದಲು ಕಂಡದ್ದು ಬೇರೆ ಊರಿನ ವರ್ಕ್‌ಶಾಪಿನ ಕೂರಿಗೆಗಳು. ಕೆಳಗೆ ಜಾರಿಸಿದರೆ ಸಂಪರ್ಕಕ್ಕೆ ವಿನೋದನ ನಂಬರು.

ಆರ್ಡರ್ ಬರುವ ಇಮೇಲ್ ತೆರೆಯಲು ನೋಡಿದಳು. ಅದೂ ತೆರೆಯಲಿಲ್ಲ. ಕೆಲವು ದಿನಗಳಿಂದ ಆರ್ಡರ್ ಕಡಿಮೆಯಾದದ್ದಕ್ಕೆ ಮಳೆ ತಡವಾಗಿರಬೇಕು ಎಂದು ಅಪ್ಪನಿಗೆ ಸಮಾಧಾನ ಹೇಳಿದ್ದಳು. ಆ ಇಮೇಲ್ ಕೂಡ ಅದೇ ಹೆಸರಿನ ಮೇಲೆ, ಅದೇ ಹೋಸ್ಟಿಂಗ್ ಜಾಗದಲ್ಲಿ ನಡೆಯುತ್ತಿತ್ತೆಂದು ಅವಳಿಗೆ ಹೊಳೆದದ್ದು ಈಗ.

ವಿನೋದನಿಗೆ ಫೋನ್ ಮಾಡಿದಳು.

"ವಿನೋದ್ ಸರ್, ನಮ್ಮ ಸೈಟ್ ಏನಾಗೈತೆ?"

"ಓ, ಅದಾ ಮೇಡಂ. ನಾನು ಹಳೇ ಹೋಸ್ಟಿಂಗ್ ಬಿಟ್ಟೆ. ಸುಮ್ಮನೆ ಖಾಲಿ ಯಾಕಿರಬೇಕು ಅಂತ ಹೆಸರನ್ನ ನಮ್ಮ ಪೋರ್ಟಲ್‌ಗೆ ತಿರುಗಿಸಿದೀನಿ. ನೀವೂ ಸೇರ್ಕೊಳ್ರಿ, ನಿಮಗೂ ಒಂದು ಪುಟ ಮಾಡ್ಕೊಡ್ತೀನಿ."

"ನಮ್ಮ ಹೆಸರು ಒತ್ತಿದ್ರೆ ನಿಮ್ಮ ಅಂಗಡಿ ಬರಬೇಕಾ?"

"ಹೆಸರು ನಿಮ್ಮದು ಅಂತ ಯಾರು ಹೇಳಿದ್ರು ಮೇಡಂ? ರಿಜಿಸ್ಟರ್ ಆಗಿರೋದು ನನ್ನ ಅಕೌಂಟಲ್ಲಿ, ನನ್ನ ಇಮೇಲಲ್ಲಿ. ನಾನು ನಿಮಗೆ ಸೈಟಿನ ಪಾಸ್‌ವರ್ಡ್ ಕೊಟ್ಟೆ. ನೀವು ಕೇಳಿದ್ದೂ ಅಷ್ಟೇ."

ಅವಳು ಏನೋ ಹೇಳುವಷ್ಟರಲ್ಲಿ ಅವನು ಇನ್ನೊಂದು ಕಾಲ್ ಬರುತ್ತಿದೆ ಎಂದು ಇಟ್ಟುಬಿಟ್ಟ.

ಅಲ್ಲಾಬಕ್ಷ್ ಕುಲುಮೆಯ ಮುಂದಿನಿಂದ ಎದ್ದು ಬಂದರು. ಮಗಳ ಮುಖ ನೋಡಿ ಕೈಯ ಮಸಿಯನ್ನು ಬಟ್ಟೆಗೆ ಒರೆಸಿಕೊಂಡರು. ಅವಳು ವಿಷಯ ಹೇಳಿದಳು. ಅವರಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ.

"ಪಾಸ್‌ವರ್ಡ್ ನೀನು ಬದಲಿ ಮಾಡಿದ್ದೆ ಅಂದ್ಯಲ್ಲ?"

"ಅದು ಅಂಗಡಿ ಒಳಗಿನ ಕಪಾಟಿನ ಬೀಗ ಅಬ್ಬಾ. ಅಂಗಡಿ ನಿಂತಿರೋ ಜಾಗ ಅವನ ಹೆಸರಲ್ಲೈತೆ. ಹೊರಗಿನ ಬೋರ್ಡೂ ಅವನ ಹೆಸರಲ್ಲೈತೆ. ಅವೆರಡಕ್ಕೂ ಬೇರೆ ಬೇರೆ ಲಾಗಿನ್ ಇರ್ತಾವಂತೆ. ಅವು ನಮ್ಮ ಕೈಗೆ ಬಂದೇ ಇಲ್ಲ."

"ವರ್ಷಾ ವರ್ಷಾ ನಾವು ದುಡ್ಡು ಕಟ್ಟಿದ್ದು?"

"ನಮ್ಮ ದುಡ್ಡು, ಅವನ ಅಕೌಂಟು."

ಅಲ್ಲಾಬಕ್ಷ್ ಹೊರಗೆ ನಿಲ್ಲಿಸಿದ್ದ ಕೂರಿಗೆಗಳತ್ತ ನೋಡಿದರು. ಸಾಲಾಗಿ ನಿಂತಿದ್ದವು, ಎಲ್ಲದರ ಮೇಲೂ ಹಳದಿ ಹೆಸರು. "ಇವನ್ನ ಮಾರಿದ್ರೆ ಅವನಿಗೆ ನಾವೇ ಪ್ರಚಾರ ಮಾಡಿದಂಗಲ್ಲ!" ಎಂದರು. ಕೈಗೆ ಸಿಕ್ಕ ಸುತ್ತಿಗೆಯನ್ನು ಮೂಲೆಗೆ ಎಸೆದರು. ಇಷ್ಟು ವರ್ಷಗಳಲ್ಲಿ ಅಪ್ಪ ಕೆಲಸದ ನಡುವೆ ಸುತ್ತಿಗೆ ಎಸೆದದ್ದನ್ನು ಬುಶ್ರಾ ಕಂಡದ್ದು ಅದೊಂದೇ ಸಲ.

ಆ ಹೆಸರು ಯಾವ ಕಂಪನಿಯಲ್ಲಿ ರಿಜಿಸ್ಟರ್ ಆಗಿದೆ ಎಂದು ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಹುಡುಕಬಹುದು. ಬುಶ್ರಾ ಹುಡುಕಿ, ಆ ರಿಜಿಸ್ಟ್ರಾರ್ ಕಂಪನಿಗೆ ಫೋನ್ ಮಾಡಿದಳು. ಆ ಕಡೆಯ ಹೆಣ್ಣುಮಗಳು ತುಂಬ ನಯವಾಗಿ ಮಾತಾಡಿದಳು. ಅಕೌಂಟು ಬೇರೆಯವರ ಹೆಸರಿನಲ್ಲಿದೆ, ಅದರ ವಿವರ ನಿಮಗೆ ಕೊಡಲು ಬರುವುದಿಲ್ಲ ಎಂದಳು. ಅಕೌಂಟಿನವರೇ ಒಪ್ಪಿ ವರ್ಗಾಯಿಸಬೇಕು, ಇಲ್ಲದಿದ್ದರೆ ಡಾಟ್ ಇನ್ ಹೆಸರುಗಳಿಗೆ ಇರುವ ವ್ಯಾಜ್ಯದ ದಾರಿಯಲ್ಲಿ ಅಥವಾ ಕೋರ್ಟಿಗೆ ಹೋಗಬೇಕು ಎಂದಳು.

"ಅಷ್ಟರಲ್ಲಿ ಬಿತ್ತನೆ ಮುಗಿದು ಹೋಗಿರ್ತೈತೆ ಮೇಡಂ," ಎಂದಳು ಬುಶ್ರಾ.

"ನಿಮ್ಮ ತೊಂದರೆ ನನಗೆ ಅರ್ಥವಾಗುತ್ತದೆ," ಎಂದಿತು ಆ ನಯವಾದ ದನಿ. ಅದನ್ನು ಕೇಳಿ ಅವಳ ಸಿಟ್ಟು ಇನ್ನಷ್ಟಾಯಿತು. ವಿನೋದನ ಮೇಲೆ ಸಿಟ್ಟು, ಈ ನಯದ ಮೇಲೆ ಸಿಟ್ಟು, ಕೇಳಬೇಕಾದ್ದನ್ನು ಕೇಳದೆ ಅವನ ಧನ್ಯವಾದದ ಮೆಸೇಜಿಗೆ ಕೈಮುಗಿದ ಚಿತ್ರ ಕಳಿಸಿದ್ದ ತನ್ನ ಮೇಲೂ ಸಿಟ್ಟು.

ಸಿಟ್ಟಿನಲ್ಲೇ ಅವಳಿಗೆ ಒಂದು ಯೋಚನೆ ಬಂತು. ವಿನೋದ್ ಮಾಡಿದ ಸೈಟುಗಳ ತಳದಲ್ಲಿ ಅವನ ಹೆಸರು ಸಣ್ಣಕ್ಷರದಲ್ಲಿ ಇರುತ್ತಿತ್ತು. ಅದನ್ನೇ ಗೂಗಲ್‌ನಲ್ಲಿ ಹುಡುಕಿದಳು. ಚನ್ನಗಿರಿಯ ಜ್ಯೋತಿಲಕ್ಷ್ಮಿ ಅವರ ಹೊಲಿಗೆ ತರಬೇತಿ ಕೇಂದ್ರ ಸಿಕ್ಕಿತು. ಜಗಳೂರು ತಾಲ್ಲೂಕು ಬಿಳಿಚೋಡಿನ ಗೋಣೆಪ್ಪ ಅವರ ಕಂಬಳಿ ಸೈಟ್ ಸಿಕ್ಕಿತು. ಇಬ್ಬರಿಗೂ ಫೋನ್ ಮಾಡಿದಳು.

ಜ್ಯೋತಿಲಕ್ಷ್ಮಿ ಮೊದಲು ನಂಬಲಿಲ್ಲ. "ವಿನೋದ್ ಹಂಗೆಲ್ಲ ಮಾಡೋ ಹುಡುಗ ಅಲ್ಲಮ್ಮ. ನನಗೂ ಪಾಸ್‌ವರ್ಡ್ ಕಳ್ಸಿದಾನೆ."

"ಯಾವುದರ ಪಾಸ್‌ವರ್ಡ್ ಅಕ್ಕ? ಹೆಸರಿನದಾ, ಜಾಗದ್ದಾ, ಸೈಟ್ ಒಳಗಿಂದಾ?"

"ನಮ್ಮ ಹೆಸರಿನ ವಾಯಿದೆ ಮುಗಿಯೋದು ಯಾವಾಗ ಅಂತಾನೂ ನನಗೆ ಗೊತ್ತಿಲ್ಲ. ನೆನಪು ಮಾಡೋ ಇಮೇಲೆಲ್ಲ ಅವನಿಗೇ ಹೋಗ್ತವೆ," ಎಂದರು ಜ್ಯೋತಿಲಕ್ಷ್ಮಿ. ಹೊಲಿಗೆ ಕಲಿಯಲು ಬರುವವರು ಸೇರಿಕೊಳ್ಳುವುದು ಆ ಸೈಟಿನಿಂದಲೇ.

ಗೋಣೆಪ್ಪನಿಗೆ ಸೈಟಿನೊಳಗಿನ ಪಾಸ್‌ವರ್ಡೂ ಇರಲಿಲ್ಲ. ಕುರಿ ಉಣ್ಣೆಯ ಕಂಬಳಿಗಳ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರೆ ವಿನೋದನೇ ಹಾಕುತ್ತಿದ್ದ. "ಆ ಮಗ ಈಗ ಫೋನೇ ಎತ್ತಂಗಿಲ್ಲ ತಂಗಿ," ಎಂದರು. "ಎಲ್ಲಿ ಸಿಗ್ತಾನೆ ಹೇಳು, ನಾನೂ ಬರ್ತೀನಿ."

ಎಲ್ಲಿ ಸಿಗುತ್ತಾನೆ ಎಂದು ತಾನಾಗಿ ಗೊತ್ತಾಯಿತು. ಪೋರ್ಟಲ್ ಸೇರುವ ವರ್ಕ್‌ಶಾಪಿನವರಿಗೆ, ಅಂಗಡಿಯವರಿಗೆ ವಿನೋದ್ ನ್ಯಾಮತಿಯಲ್ಲಿ ಒಂದು ಸಭೆ ಕರೆದಿದ್ದ. ಅದರ ಆಹ್ವಾನ ಹೊನ್ನಾಳಿಯ ಅಂಗಡಿಗಳ ವಾಟ್ಸಾಪ್ ಗುಂಪಿಗೂ ಬಂದಿತ್ತು.

ಸಭೆ ನಡೆದದ್ದು ಬೆಳಿಗ್ಗೆ, ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಚಿಕ್ಕ ಹಾಲ್‌ನಲ್ಲಿ. ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಯ ಮೇಲೆ ಪ್ರೊಜೆಕ್ಟರಿನ ಬೆಳಕು, ಮುಂದೆ ಇಸ್ತ್ರಿ ಶರಟಿನ ವಿನೋದ್. ಸವಳಂಗ, ಹರಿಹರ, ಶಿಕಾರಿಪುರದ ಕಡೆಯ ಸಲಕರಣೆ ಮಾರುವವರು ಕೂತಿದ್ದರು. ಬುಶ್ರಾ, ಅವಳ ಅಪ್ಪ, ಜ್ಯೋತಿಲಕ್ಷ್ಮಿ ಮತ್ತು ಹೆಗಲ ಮೇಲೆ ಕಂಬಳಿ ಹಾಕಿದ ಗೋಣೆಪ್ಪ ಹಿಂದಿನ ಸಾಲಿನಲ್ಲಿ ಕೂತರು. ವಿನೋದ್ ಅವರನ್ನು ನೋಡಿ ಒಂದು ಕ್ಷಣ ತಡವರಿಸಿದ, ಆಮೇಲೆ ಮುಂದುವರಿದ.

"ನೀವು ಏನೂ ಯೋಚನೆ ಮಾಡೋದು ಬ್ಯಾಡ. ಅಕೌಂಟು, ಪಾಸ್‌ವರ್ಡು, ಎಲ್ಲಾ ನಾವೇ ನೋಡ್ಕೊಳ್ತೀವಿ," ಎಂದ.

ಬುಶ್ರಾ ಎದ್ದು ನಿಂತಳು. ತಯಾರಿ ಮಾಡಿಕೊಂಡು ಬಂದಿದ್ದ ಮಾತುಗಳೆಲ್ಲ ಮರೆತುಹೋಗಿದ್ದವು.

"ನನಗೂ ಇದನ್ನೇ ಹೇಳಿದ್ದೆಯಲ್ಲ ನೀನು," ಎಂದಳು. ಅಲ್ಲಿಯವರೆಗೆ ಅವನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದವಳು. "ಅಣ್ಣಾರೇ, ಎಲ್ಲರೂ ನಿಮ್ಮ ಮೊಬೈಲ್ ತೆಗೀರಿ. ಇವರು ನಮ್ಮ ಅಬ್ಬಾ, ಹೊನ್ನಾಳಿ ಅಲ್ಲಾಬಕ್ಷ್. ಇವರು ಮಾಡಿದ ಕೂರಿಗೆ ನಿಮ್ಮಲ್ಲಿ ಕೆಲವರು ನೋಡೀರಿ. ಅದರ ಮೇಲೆ ಬರ್ದಿರೋ ಹೆಸರು ಹಾಕಿ ನೋಡ್ರಿ, ಏನ್ ಬರ್ತೈತೆ ಅಂತ."

ಒಬ್ಬೊಬ್ಬರಾಗಿ ಹಾಕಿ ನೋಡಿದರು. ಎಲ್ಲರ ಮೊಬೈಲಿನಲ್ಲೂ ಗೋಡೆಯ ಮೇಲಿದ್ದ ಅದೇ ಪುಟ ಬಂತು.

"ಮೇಡಂ, ಇದನ್ನ ಆಮೇಲೆ ಮಾತಾಡೋಣ," ಎಂದ ವಿನೋದ್.

"ಆಮೇಲೆ ಅಂದ್ರೆ ಯಾವಾಗ? ಬಿತ್ತಿದ ಮೇಲಾ? ನಿನಗೆ ಕೆಲಸ ಬ್ಯಾಡಾಯ್ತು, ಬಿಟ್ಟೆ. ಅದಕ್ಕೆ ನಾನು ಏನಾದ್ರೂ ಅಂದ್ನಾ? ಬಿಟ್ಟು ಹೋಗೋನು ನಮ್ಮದನ್ನ ನಮಗೆ ಕೊಟ್ಟು ಹೋಗಬೇಕೋ ಬ್ಯಾಡವೋ?"

"ನಾನು ಯಾರದ್ದೂ ಕದ್ದಿಲ್ಲ. ಅದು ನನ್ನ ಅಕೌಂಟು."

ಅಲ್ಲಾಬಕ್ಷ್ ಎದ್ದರು. "ಮಗಾ, ನೀನು ನಮ್ಮ ವರ್ಕ್‌ಶಾಪಲ್ಲಿ ಕೂತು ಈ ಹೆಸರು ಬರೆಸ್ಕೊಂಡೆ. ನನ್ನ ಹೆಸರು ಅದು. ನಮ್ಮಪ್ಪ ಇಟ್ಟಿದ್ದು. ನಿನ್ನ ಅಕೌಂಟಲ್ಲಿ ಇಟ್ರೆ ನಿನ್ನದಾಗ್ತೈತೇನು?"

ಮುಂದಿನ ಸಾಲಿನಲ್ಲಿ ಕೂತಿದ್ದ ಸವಳಂಗದ ಮಾರುತೇಶ್, ಪೋರ್ಟಲ್ ಸೇರಲೆಂದೇ ಬಂದಿದ್ದವನು, ಕುರ್ಚಿ ಹಿಂದಕ್ಕೆ ಸರಿಸಿದ. "ಅಲ್ಲ ವಿನೋದ್, ನಾನು ಸೇರಿದ್ರೆ ನನ್ನ ಪುಟಾನೂ ಹಿಂಗೇ ಆಗ್ತೈತಾ?"

ಇನ್ನೊಬ್ಬ ಅದನ್ನೇ ಕೇಳಿದ. ಆಮೇಲೆ ಎಲ್ಲರೂ ಒಟ್ಟಿಗೆ ಕೇಳತೊಡಗಿದರು. ಈ ಗದ್ದಲದಲ್ಲಿ ಸಭೆ ಮುರಿದರೆ ಪೋರ್ಟಲ್ ಕೂಡ ಇಲ್ಲೇ ಮುರಿಯುತ್ತದೆ ಎಂದು ಅವನಿಗೆ ಗೊತ್ತಾಗಿರಬೇಕು.

"ಆಯ್ತು, ಕೊಡ್ತೀನಿ," ಎಂದ. "ನಾಳೆ ಮಾಡ್ಕೊಡ್ತೀನಿ."

"ಈಗ," ಎಂದಳು ಬುಶ್ರಾ. "ಇಲ್ಲೇ. ಎಲ್ಲರ ಮುಂದೆ."

ಅವನು ಲ್ಯಾಪ್‌ಟಾಪಿನಲ್ಲಿ ರಿಜಿಸ್ಟ್ರಾರಿನ ಅಕೌಂಟು ತೆರೆದ. ಪ್ರೊಜೆಕ್ಟರ್ ಆರಿಸುವುದನ್ನು ಮರೆತಿದ್ದ. ಗೋಡೆಯ ಮೇಲೆ ಹೆಸರುಗಳು ಮೂಡಿದವು: ಕೂರಿಗೆ, ಹೊಲಿಗೆ, ಕಂಬಳಿ, ಇನ್ನೂ ಯಾರ್ಯಾರದೋ. "ಅಗಾ, ನಮ್ಮ ಕಂಬಳಿ!" ಎಂದು ಗೋಣೆಪ್ಪ ಗೋಡೆಗೆ ಬೆರಳು ಮಾಡಿದರು.

ಬುಶ್ರಾ ಅದೇ ಕಂಪನಿಯಲ್ಲಿ ತನ್ನದೊಂದು ಅಕೌಂಟನ್ನು ಮೊದಲೇ ಮಾಡಿಕೊಂಡು ಬಂದಿದ್ದಳು. ಒಂದೇ ಕಂಪನಿಯ ಒಂದು ಅಕೌಂಟಿನಿಂದ ಇನ್ನೊಂದಕ್ಕೆ ಹೆಸರು ದಾಟಿಸುವುದು ಸುಲಭ, ಬೇರೆ ಕಂಪನಿಗೆ ಒಯ್ಯುವುದಾದರೆ ಹೆಸರಿಗೆ ಕಂಪನಿ ಹಾಕಿದ ಬೀಗ ತೆಗೆದು ಗುಪ್ತ ಕೋಡ್ ಪಡೆಯಬೇಕು, ದಿನಗಳೂ ಹಿಡಿಯುತ್ತವೆ ಎಂದು ಆ ನಯವಾದ ದನಿಯವಳೇ ಹೇಳಿದ್ದಳು. ವಿನೋದ್ ದಾಟಿಸಿದ. ಬುಶ್ರಾಳ ಮೊಬೈಲಿಗೆ ಇಮೇಲ್ ಬಂತು. ಒಪ್ಪಿಗೆ ಒತ್ತಿದಳು. ಹೆಸರು ಅವಳ ಅಕೌಂಟಿನಲ್ಲಿ ಕಾಣಿಸಿತು. ಹೆಸರಿನ ಒಡೆಯರು ಯಾರು ಎಂಬಲ್ಲಿ ಇನ್ನೂ ವಿನೋದನ ಹೆಸರು, ಫೋನ್ ನಂಬರ್ ಇದ್ದವು. ಅವನ್ನೂ ಬದಲಿಸಿ ತಂದೆಯ ಹೆಸರು, ತನ್ನ ನಂಬರು ಹಾಕಿ, ಪೋರ್ಟಲ್‌ಗೆ ತಿರುಗಿಸಿದ್ದನ್ನೂ ತೆಗೆದ ಮೇಲೆಯೇ ತಲೆಯೆತ್ತಿದಳು.

ಜ್ಯೋತಿಲಕ್ಷ್ಮಿಯವರದ್ದೂ ದಾಟಿತು. ಅಕೌಂಟು ಮಾಡಲು ಇಮೇಲ್ ಬೇಕೆಂದಾಗ ಗೋಣೆಪ್ಪ, ತಮಗೆ ಇಮೇಲ್ ಇದೆಯೋ ಇಲ್ಲವೋ ಎಂದೇ ಯೋಚನೆಗೆ ಬಿದ್ದರು. ಬುಶ್ರಾ ಅವರ ಮೊಬೈಲಿನಲ್ಲೇ ಒಂದು ಮಾಡಿಕೊಟ್ಟ ಮೇಲೆ ಅವರದ್ದೂ ದಾಟಿತು.

"ಈಗ ಹೋಸ್ಟಿಂಗ್," ಎಂದಳು. "ನಮ್ಮ ಸೈಟಿಂದು ಪೂರ್ತಿ ಬ್ಯಾಕಪ್ ಬೇಕು. ಪುಟ, ಫೋಟೋ, ಡೇಟಾಬೇಸು, ಬಂದಿರೋ ಇಮೇಲು."

ವಿನೋದ್ ಪರದೆಯತ್ತಲೇ ನೋಡುತ್ತ ಹೇಳಿದ. "ಅದು ಇಲ್ಲ. ಹೋಸ್ಟಿಂಗ್ ಬಿಟ್ಟಾಗ ಎಲ್ಲಾ ಅಳಿಸಿಹೋಯ್ತು."

"ಎಲ್ಲಾ ಅಂದ್ರೆ?"

"ಎಲ್ಲಾ ಮೇಡಂ. ಬ್ಯಾಕಪ್ ಇಟ್ಕೊಂಡಿಲ್ಲ."

ರೈತರ ಫೋಟೋಗಳು, ಬೆಳೆವಾರು ಅಳತೆಗಳು, ಓದದೆ ಉಳಿದ ಆರ್ಡರುಗಳು, ಎಲ್ಲ. ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನು ಬುಶ್ರಾ ಎತ್ತಿದಳು. ಎಸೆಯುತ್ತಾಳೆ ಎಂದು ಜ್ಯೋತಿಲಕ್ಷ್ಮಿ ಅವಳ ಕೈ ಹಿಡಿದರು. ಅವಳು ಕೈ ಬಿಡಿಸಿಕೊಂಡು ಬಾಟಲಿಯನ್ನು ಕೆಳಗಿಟ್ಟಳು.

"ಅಳಿಸೋ ಮುಂಚೆ ಒಂದು ಫೋನ್ ಮಾಡಾಕೆ ನಿನಗೆ ಏನಾಗಿತ್ತು?" ಎಂದಳು. ಉತ್ತರಕ್ಕೆ ಕಾಯದೆ ಹೊರಗೆ ನಡೆದಳು.

ಮಾರುತೇಶನೂ ಇನ್ನೂ ಕೆಲವರೂ ಪೋರ್ಟಲ್ ಸೇರದೆ ಎದ್ದು ಹೋದರು. ಕೆಲವರು ಸೇರಿದರು ಎಂದೂ ಆಮೇಲೆ ಕೇಳಿಬಂತು.

ಸೈಟನ್ನು ಮತ್ತೆ ಮಾಡಿಕೊಟ್ಟವಳು ಹೊನ್ನಾಳಿಯವಳೇ ಆದ ಆಶಾ. ಮೊದಲ ದಿನ ಬುಶ್ರಾ ವಿನೋದನ ಮೇಲಿನ ಸಿಟ್ಟಿಗೆ ಅವಳನ್ನು ಗದರಿಸಿಯೇ ಮಾತು ಶುರುಮಾಡಿದಳು. ಆಶಾ ಬೇಜಾರು ಮಾಡಿಕೊಳ್ಳಲಿಲ್ಲ.

"ಹೋಸ್ಟಿಂಗ್ ನೀವೇ ತಗೊಳ್ರಿ ಅಕ್ಕ, ನಿಮ್ಮ ಹೆಸರಲ್ಲಿ," ಎಂದಳು. "ಆ ಪಾಸ್‌ವರ್ಡ್ ನನಗೆ ಬ್ಯಾಡ. ನನಗೆ ಬ್ಯಾರೆ ಯೂಸರ್ ಮಾಡ್ಕೊಡ್ರಿ, ಕೆಲಸ ಮುಗಿದ ಮೇಲೆ ತೆಗೆದುಬಿಡ್ರಿ. ಆಮೇಲೆ ಇನ್ನೊಂದು. ಈ ಅಕೌಂಟಿಗೆಲ್ಲ ನಿಮ್ಮ ಅಂಗಡಿ ಹೆಸರಿನ ಇಮೇಲ್ ಕೊಡಬ್ಯಾಡ್ರಿ. ಹೆಸರು ಕೈತಪ್ಪಿದ್ರೆ ಆ ಇಮೇಲೂ ಕೈತಪ್ತೈತೆ, ಆಗ ಪಾಸ್‌ವರ್ಡ್ ಮರಳಿ ಪಡೆಯಾಕೂ ಆಗಲ್ಲ."

ಬುಶ್ರಾ ಹಾಗೇ ಮಾಡಿದಳು. ಲಾಗಿನ್ ಆಗುವಾಗಲೆಲ್ಲ ತನ್ನ ಮೊಬೈಲಿನಲ್ಲಿ ಮಾತ್ರ ಕೋಡ್ ಬರುವಂತೆ ಮಾಡಿಕೊಂಡಳು. ಮೊಬೈಲ್ ಕಳೆದರೆ ಬೇಕಾಗುವ ಬದಲಿ ಕೋಡುಗಳನ್ನು ಅಂಗಡಿಯ ಜಿಎಸ್‌ಟಿ ಕಾಗದಗಳ ಜೊತೆ ಕಪಾಟಿನಲ್ಲಿಟ್ಟು, ಅವು ಎಲ್ಲಿವೆ ಎಂದು ಗಂಡನಿಗೂ ತೋರಿಸಿದಳು. ಪ್ರತಿ ತಿಂಗಳು ಸೈಟಿನ ಬ್ಯಾಕಪ್ ಇಳಿಸಿ ಪೆನ್‌ಡ್ರೈವಿಗೆ ಹಾಕುತ್ತಾಳೆ.

ಆ ಮುಂಗಾರಿನ ಆರ್ಡರುಗಳಲ್ಲಿ ಎಷ್ಟೋ ಕೈಬಿಟ್ಟು ಹೋದವು. ಅಳತೆಗಳನ್ನು ಅಲ್ಲಾಬಕ್ಷ್ ಮತ್ತೆ ಒಂದೊಂದಾಗಿ ಹೇಳಿದರು, ವಿಡಿಯೋಗೆ ಮತ್ತೆ ನಿಂತರು. ರೈತರ ಫೋಟೋಗಳು ಮಾತ್ರ ಬರಲಿಲ್ಲ. ಅವರಲ್ಲಿ ಕೆಲವರು ಈಗಿಲ್ಲ.

ವಿನೋದ್ ಒಮ್ಮೆ ಮೆಸೇಜ್ ಕಳಿಸಿದ್ದ, ಆದದ್ದು ಆಯಿತು, ಸಿಟ್ಟು ಇಟ್ಟುಕೊಳ್ಳಬೇಡಿ ಎಂದು. ಬುಶ್ರಾ ಉತ್ತರ ಬರೆಯಲಿಲ್ಲ. ಸಿಟ್ಟು ಹೋಗಿಲ್ಲ, ಹೋಗಬೇಕೆಂದು ಅವಳಿಗೆ ಅನಿಸಿಯೂ ಇಲ್ಲ. ಅದೇ ವಾರ ಗೋಣೆಪ್ಪನ ಫೋನ್ ಬಂತು. ಅಳಿಸದೆ ಉಳಿದಿದ್ದ ಅವರ ಹೋಸ್ಟಿಂಗ್ ಅಕೌಂಟನ್ನು ವಿನೋದ್ ಸಭೆಯ ನಂತರ ಬಿಟ್ಟುಕೊಟ್ಟಿದ್ದ, ಪಾಸ್‌ವರ್ಡನ್ನೂ ಅವರು ಬದಲಿಸಿದ್ದರು. ಆದರೂ ಒಳಗೆ ಹೋಗಲು ಕೇಳುವ ಕೋಡ್ ತಮಗೆ ಬರುತ್ತಿಲ್ಲ ಎಂದರು.

"ಕೋಡ್ ಯಾವ ನಂಬರಿಗೆ ಹೋಗ್ತೈತೆ ಅಂತ ತೋರಿಸ್ತೈತಲ್ಲ, ಕೊನೆ ಅಂಕಿ ಓದ್ರಿ."

ಗೋಣೆಪ್ಪ ಓದಿದರು. ವಿನೋದನದೇ.

"ಅಯ್ಯೋ ಅಣ್ಣಾ!" ಬುಶ್ರಾ ಕುರ್ಚಿಯಿಂದ ಎದ್ದೇ ನಿಂತಳು. "ಪಾಸ್‌ವರ್ಡ್ ಒಂದು ಬದಲಿ ಮಾಡಿದ್ರೆ ಸಾಕಾ? ಇನ್ನೂ ಅವನ ಫೋನ್ ನಂಬರ್ ಒಳಗೆ ಕೂತೈತೆ. ಫೋನ್ ಇಡಬ್ಯಾಡ್ರಿ, ಅವನನ್ನ ಈಗಲೇ ಕಾನ್ಫರೆನ್ಸ್‌ಗೆ ಹಾಕ್ತೀನಿ. ಕೋಡ್ ಓದಿ ಹೇಳಲಿ. ಒಳಗೆ ಹೋದ ಕೂಡಲೇ ಮೊದಲು ಅವನ ನಂಬರ್ ತೆಗೀರಿ, ಆಮೇಲೆ ಮಿಕ್ಕಿದ್ದೆಲ್ಲ."